ಎರಡು ದಾರಿಯಲ್ಲಿ ಒಂದೇ ಉತ್ತರ ಬಂದರೆ ಅದು ಸರಿಯೇ? ವಿದ್ಯುತ್ ಕ್ಷೇತ್ರದ ಲೆಕ್ಕದ ಫಾರ್ವರ್ಡ್ ಮತ್ತು ಅಸಲಿ ಸಂಗತಿ

ಪರೀಕ್ಷೆ ಹತ್ತಿರ ಬಂತೆಂದರೆ ಪಿಯುಸಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, "ಈ ಪ್ರಶ್ನೆ ಬಂದೇ ಬರುತ್ತದೆ" ಎನ್ನುವುದು. ಇನ್ನೊಂದು, "ಕೀ ಉತ್ತರವೇ ತಪ್ಪಾಗಿದೆ" ಎನ್ನುವುದು. ಭದ್ರಾವತಿಯ ಜನ್ನಾಪುರದ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬರು ನಮಗೆ ಕಳುಹಿಸಿದ್ದು ಎರಡನೆಯ ಬಗೆಯ ಸಂದೇಶ. ಅಭ್ಯಾಸ ಪರೀಕ್ಷೆಯ ಒಂದು ಪ್ರಶ್ನೆ, ಅದರ ಕೆಳಗೆ ಪೆನ್ನಿನಲ್ಲಿ ಬಿಡಿಸಿದ ಎರಡು ಲೆಕ್ಕ, ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ "ಎರಡು ವಿಧಾನದಲ್ಲೂ 3600 ಬರುತ್ತದೆ, ಕೀ ಉತ್ತರ ತಪ್ಪು, ಎಲ್ಲರಿಗೂ ಶೇರ್ ಮಾಡಿ" ಎಂಬ ಒಕ್ಕಣೆ.

ಆಕೆಯೂ ಪರೀಕ್ಷೆಯಲ್ಲಿ 3600 ಎಂದೇ ಬರೆದಿದ್ದರು, ಅಂಕ ಬಂದಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಮಾದರಿ ಉತ್ತರಗಳನ್ನು ನೋಡಿಕೊಂಡೇ ಲೆಕ್ಕ ಮಾಡಿದ್ದೆ, ಎಲ್ಲಿ ತಪ್ಪಿದೆ ಎಂದು ಕೇಳಿದ್ದರು. ಈ ಪ್ರಶ್ನೆಗೆ "ಕೀ ಉತ್ತರ ನೋಡಿ ತಿದ್ದಿಕೊಳ್ಳಿ" ಎಂದು ಹೇಳಿ ಸುಮ್ಮನಾಗುವಂತಿಲ್ಲ. ಏಕೆಂದರೆ ಎರಡು ಬೇರೆ ಬೇರೆ ದಾರಿಯಲ್ಲಿ ಒಂದೇ ಸಂಖ್ಯೆ ಬಂದಾಗ ಯಾರಿಗಾದರೂ ಅದೇ ಸರಿ ಅನ್ನಿಸುತ್ತದೆ.

ಮೊದಲೇ ಹೇಳಿಬಿಡುತ್ತೇವೆ: ಕೀ ಉತ್ತರ ಸರಿ, ಫಾರ್ವರ್ಡ್ ತಪ್ಪು. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಪ್ರಶ್ನೆ ಏನಿತ್ತು?

20 ಸೆಂ.ಮೀ. ಉದ್ದದ ತೆಳುವಾದ ಕಡ್ಡಿಯ ಮೇಲೆ 4 ನ್ಯಾನೋಕೂಲಂಬ್ ಧನ ಚಾರ್ಜ್ ಸಮನಾಗಿ ಹರಡಿದೆ. ಕಡ್ಡಿಯ ನಟ್ಟನಡುವಿನಿಂದ ಲಂಬವಾಗಿ 10 ಸೆಂ.ಮೀ. ದೂರದಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು? ಕೀ ಉತ್ತರದಲ್ಲಿ ಇದ್ದದ್ದು ಸುಮಾರು 2546 ನ್ಯೂಟನ್ ಪ್ರತಿ ಕೂಲಂಬ್.

ಫಾರ್ವರ್ಡ್‌ನ ಮೊದಲ ವಿಧಾನ ಹೀಗಿದೆ. ಕಡ್ಡಿ ಎಂದರೆ ಚಾರ್ಜ್ ಆದ ತಂತಿ. ತಂತಿಗೆ ಗೌಸ್ ನಿಯಮದಿಂದ ಬರುವ ಸೂತ್ರ E = 2kλ/r. ಇಲ್ಲಿ λ ಎಂದರೆ ಒಂದು ಮೀಟರ್ ಉದ್ದದಲ್ಲಿರುವ ಚಾರ್ಜ್. 4 ನ್ಯಾನೋಕೂಲಂಬನ್ನು 0.2 ಮೀಟರ್‌ನಿಂದ ಭಾಗಿಸಿದರೆ 20 ನ್ಯಾನೋಕೂಲಂಬ್ ಪ್ರತಿ ಮೀಟರ್. k ಬೆಲೆ 9 × 10⁹, r ಬೆಲೆ 0.1 ಮೀಟರ್.

```
E = 2 × 9×10⁹ × 20×10⁻⁹ / 0.1 = 3600
```

ಎರಡನೆಯ ವಿಧಾನದಲ್ಲಿ, ಕಡ್ಡಿಯ ಎರಡೂ ಬದಿ ಸಮನಾಗಿರುವುದರಿಂದ ಚಾರ್ಜ್ ಎಲ್ಲವೂ ನಡುವಿನಲ್ಲೇ ಇದೆ ಎಂದುಕೊಂಡಿದ್ದಾರೆ. ಗೋಳಕ್ಕೆ ಹಾಗೆ ಮಾಡುತ್ತೇವಲ್ಲ, ಹಾಗೆಯೇ ಕೂಲಂಬ್ ಸೂತ್ರ ಹಾಕಿದ್ದಾರೆ.

```
E = kQ/r² = 9×10⁹ × 4×10⁻⁹ / (0.1)² = 3600
```

ಗುಣಾಕಾರ, ಭಾಗಾಕಾರ ಎರಡರಲ್ಲೂ ತಪ್ಪಿಲ್ಲ. ತಪ್ಪು ಇರುವುದು ಸೂತ್ರ ಹಾಕುವ ಮೊದಲೇ.

ಹೊಸ ಸೂತ್ರವಿಲ್ಲದೆ ಪರಿಶೀಲಿಸೋಣ

ಎರಡನೆಯ ವಿಧಾನವನ್ನು ಮೊದಲು ನೋಡೋಣ. ಕಡ್ಡಿಯ ನಡುವಿನ ತುಣುಕು ನಮ್ಮ ಬಿಂದುವಿನಿಂದ 10 ಸೆಂ.ಮೀ. ದೂರದಲ್ಲಿದೆ. ತುದಿಯ ತುಣುಕು ಅಷ್ಟೇ ದೂರದಲ್ಲಿದೆಯೇ? ಇಲ್ಲ. ನಡುವಿನಿಂದ ತುದಿಗೆ 10 ಸೆಂ.ಮೀ., ನಡುವಿನಿಂದ ಬಿಂದುವಿಗೆ 10 ಸೆಂ.ಮೀ. ಪೈಥಾಗೊರಸ್ ಪ್ರಕಾರ ತುದಿಯಿಂದ ಬಿಂದುವಿಗೆ ಸುಮಾರು 14.1 ಸೆಂ.ಮೀ. ದೂರದ ವರ್ಗ ಎರಡು ಪಟ್ಟಾಯಿತು, ಹಾಗಾಗಿ ತುದಿಯ ತುಣುಕಿನ ಬಲ ಅರ್ಧಕ್ಕೆ ಇಳಿಯಿತು. ಜೊತೆಗೆ ಅದು 45 ಡಿಗ್ರಿ ಓರೆಯಾಗಿ ತಳ್ಳುತ್ತದೆ. ಓರೆ ತಳ್ಳುವಿಕೆಯಲ್ಲಿ ಕಡ್ಡಿಯ ಉದ್ದಕ್ಕೆ ಇರುವ ಭಾಗವನ್ನು ಆಚೆ ತುದಿಯ ತುಣುಕು ರದ್ದು ಮಾಡುತ್ತದೆ. ಉಳಿಯುವುದು ಲಂಬ ಭಾಗ ಮಾತ್ರ. ಲೆಕ್ಕ ಹಾಕಿದರೆ, ನಡುವಿನ ತುಣುಕು 100 ಕೊಡುವಲ್ಲಿ ತುದಿಯ ತುಣುಕು ಕೊಡುವುದು ಸುಮಾರು 35.

ಹೀಗಿರುವಾಗ ಚಾರ್ಜ್ ಎಲ್ಲವನ್ನೂ ನಡುವಿಗೆ ತಂದು ಇಟ್ಟರೆ ಉತ್ತರ ನಿಜಕ್ಕಿಂತ ಹೆಚ್ಚೇ ಬರಬೇಕು. ಅಂದರೆ ನಿಜವಾದ ಉತ್ತರ 3600ಕ್ಕಿಂತ ಕಡಿಮೆ.

ಈಗ ಮೊದಲನೆಯ ವಿಧಾನ. E = 2kλ/r ಎನ್ನುವುದು ಕೊನೆಯೇ ಇಲ್ಲದ ತಂತಿಯ ಸೂತ್ರ. ಕೊನೆಯಿಲ್ಲದ ತಂತಿಯಲ್ಲಿ ನಮ್ಮ ಕಡ್ಡಿಯ ಎರಡೂ ತುದಿಗಳ ಆಚೆಗೂ ಚಾರ್ಜ್ ಇರುತ್ತದೆ. ಆ ಹೆಚ್ಚುವರಿ ಚಾರ್ಜ್ ಕೂಡ ಬಿಂದುವಿನಲ್ಲಿ ಹೊರಮುಖವಾಗಿಯೇ ತಳ್ಳುತ್ತದೆ. ನಮ್ಮ ಕಡ್ಡಿಯಲ್ಲಿ ಅದು ಇಲ್ಲ. ಆದ್ದರಿಂದ ಇಲ್ಲಿಯೂ ನಿಜವಾದ ಉತ್ತರ 3600ಕ್ಕಿಂತ ಕಡಿಮೆಯೇ.

ಅಲ್ಲಿಗೆ ಫಾರ್ವರ್ಡ್‌ನ ಎರಡೂ ವಿಧಾನಗಳು ಹೇಳುತ್ತಿರುವುದು ಒಂದೇ ಮಾತು: ಉತ್ತರ 3600 ಮುಟ್ಟುವಂತಿಲ್ಲ. ಕೀ ಉತ್ತರದ 2546 ಈ ಮಿತಿಯೊಳಗೆ ಇದೆ. ತುಣುಕು ತುಣುಕಾಗಿ ಕೂಡಿಸಿದರೆ, ಅಂದರೆ ಇಂಟಿಗ್ರೇಷನ್ ಮಾಡಿದರೆ ಬರುವ ಸೂತ್ರ ಇದು. ಇಲ್ಲಿ a ಎಂದರೆ ಕಡ್ಡಿಯ ಅರ್ಧ ಉದ್ದ.

```
E = kQ / ( r √(r² + a²) )
  = 36 / (0.1 × 0.1414) ≈ 2546
```

ಹಾಗಾದರೆ ಎರಡೂ ಒಂದೇ ಹೇಗೆ ಬಂದವು?

ಇದು ಪ್ರಶ್ನೆಯಲ್ಲಿ ಕೊಟ್ಟ ಅಳತೆಗಳಿಂದ ಆದ ಕಾಕತಾಳೀಯ. ಬಿಂದುವಿನ ದೂರ 10 ಸೆಂ.ಮೀ., ಕಡ್ಡಿಯ ಅರ್ಧ ಉದ್ದವೂ 10 ಸೆಂ.ಮೀ. ಕಾರಣ ತಿಳಿಯಬೇಕಾದರೆ ಎರಡು ವಿಧಾನಗಳು ಯಾವ ಮುಚ್ಚಿದ ಮೇಲ್ಮೈಯನ್ನು ಬಳಸಿಕೊಂಡವು ಎಂದು ನೋಡಬೇಕು.

ತಂತಿಯ ಸೂತ್ರದ ಹಿಂದೆ ಇರುವುದು ಸಿಲಿಂಡರ್. 10 ಸೆಂ.ಮೀ. ತ್ರಿಜ್ಯ, 20 ಸೆಂ.ಮೀ. ಉದ್ದದ ಸಿಲಿಂಡರ್‌ನ ಬಾಗಿದ ಬದಿಯ ವಿಸ್ತೀರ್ಣ ಸುಮಾರು 0.1257 ಚದರ ಮೀಟರ್. ಬಿಂದು ಚಾರ್ಜ್ ಸೂತ್ರದ ಹಿಂದೆ ಇರುವುದು ಗೋಳ. 10 ಸೆಂ.ಮೀ. ತ್ರಿಜ್ಯದ ಗೋಳದ ಮೇಲ್ಮೈ ವಿಸ್ತೀರ್ಣವೂ 0.1257 ಚದರ ಮೀಟರ್. ಗೋಳವನ್ನು ಸರಿಯಾಗಿ ಹಿಡಿಸುವ ಸಿಲಿಂಡರ್‌ನ ಬದಿಯ ವಿಸ್ತೀರ್ಣ ಆ ಗೋಳದ ವಿಸ್ತೀರ್ಣಕ್ಕೆ ಸಮ ಎಂದು ಆರ್ಕಿಮಿಡೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದ. ಎರಡೂ ಲೆಕ್ಕಗಳು ಅದೇ ಒಟ್ಟು ಫ್ಲಕ್ಸನ್ನು ಅದೇ ವಿಸ್ತೀರ್ಣದಿಂದ ಭಾಗಿಸಿವೆ. ಉತ್ತರ ಒಂದೇ ಬಂದದ್ದು ಅದಕ್ಕೆ.

ಬಿಂದುವಿನ ದೂರವನ್ನು ಬದಲಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. 10ರ ಬದಲು 20 ಸೆಂ.ಮೀ. ತೆಗೆದುಕೊಳ್ಳಿ. ತಂತಿಯ ಸೂತ್ರ 1800 ಕೊಡುತ್ತದೆ, ಬಿಂದು ಚಾರ್ಜ್ ಸೂತ್ರ 900 ಕೊಡುತ್ತದೆ. ಒಂದೇ ಕಡ್ಡಿಗೆ ಎರಡು ಉತ್ತರ! ನಿಜವಾದ ಉತ್ತರ ಸುಮಾರು 805, ಎರಡಕ್ಕಿಂತಲೂ ಕಡಿಮೆ.

ಗೌಸ್ ನಿಯಮ ಕಡ್ಡಿಗೆ ಅನ್ವಯಿಸುವುದಿಲ್ಲವೇ?

ಅನ್ವಯಿಸುತ್ತದೆ. ಇಲ್ಲಿಯೇ ಬಹಳ ಮಂದಿ ಎಡವುವುದು. ಗೌಸ್ ನಿಯಮ ಹೇಳುವುದು ಇಷ್ಟೇ: ಯಾವುದೇ ಮುಚ್ಚಿದ ಮೇಲ್ಮೈಯಿಂದ ಹೊರಬರುವ ಒಟ್ಟು ಫ್ಲಕ್ಸ್, ಒಳಗಿರುವ ಚಾರ್ಜನ್ನು ε₀ದಿಂದ ಭಾಗಿಸಿದಷ್ಟು. ಕಡ್ಡಿ, ಕಲ್ಲು, ಕುರ್ಚಿ ಯಾವುದರ ಮೇಲೆ ಚಾರ್ಜ್ ಇದ್ದರೂ ಇದು ನಿಜ. ಆದರೆ ನಿಯಮ ತಿಳಿಸುವುದು ಒಟ್ಟು ಮೊತ್ತವನ್ನು. ನಮಗೆ ಬೇಕಾದದ್ದು ಒಂದು ಬಿಂದುವಿನ ಕ್ಷೇತ್ರ. ಮನೆಯ ಒಟ್ಟು ವಿದ್ಯುತ್ ಬಿಲ್ ಗೊತ್ತಿದ್ದ ಮಾತ್ರಕ್ಕೆ ಫ್ರಿಜ್ ಎಷ್ಟು ಉರಿಸಿತು ಎಂದು ಹೇಳಲಾಗದು. ಮನೆಯಲ್ಲಿ ಒಂದೇ ಬಗೆಯ ಹತ್ತು ಬಲ್ಬುಗಳು ಮಾತ್ರ ಇದ್ದು, ಎಲ್ಲವೂ ಅಷ್ಟೇ ಹೊತ್ತು ಉರಿದಿದ್ದರೆ ಆಗ ಹತ್ತರಿಂದ ಭಾಗಿಸಬಹುದು. ಹಾಗೆ ಭಾಗಿಸಲು ಅನುಮತಿ ಕೊಡುವುದೇ ಸಮ್ಮಿತಿ, ಅಂದರೆ ಸಿಮೆಟ್ರಿ.

ನಮ್ಮ ಕಡ್ಡಿಯಲ್ಲಿ ಈ ಅನುಮತಿ ಸಿಗುವುದಿಲ್ಲ ಎಂಬುದನ್ನು ಲೆಕ್ಕದಿಂದಲೇ ನೋಡಬಹುದು. ಒಳಗಿನ ಚಾರ್ಜ್ 4 ನ್ಯಾನೋಕೂಲಂಬ್, ಹಾಗಾಗಿ ಹೊರಬರಬೇಕಾದ ಒಟ್ಟು ಫ್ಲಕ್ಸ್ ಸುಮಾರು 452. ಸಿಲಿಂಡರ್‌ನ ಬದಿಯಲ್ಲಿ ಲಂಬ ಕ್ಷೇತ್ರ ಅತಿ ಹೆಚ್ಚು ಇರುವುದು ನಡುವಿನಲ್ಲಿ, ಅಲ್ಲಿ 2546. ಇಡೀ ಬದಿಯಲ್ಲೂ ಅಷ್ಟೇ ಇದೆ ಎಂದುಕೊಂಡರೂ ಬದಿಯಿಂದ ಹೊರಬರುವುದು 320 ಮಾತ್ರ. ಉಳಿದ 132, ನಿಜವಾಗಿ ಅದಕ್ಕಿಂತಲೂ ಹೆಚ್ಚು, ಸಿಲಿಂಡರ್‌ನ ಎರಡು ಮುಚ್ಚಳಗಳಿಂದ ಹೊರಹೋಗುತ್ತದೆ. "ಮುಚ್ಚಳದಿಂದ ಫ್ಲಕ್ಸ್ ಸೊನ್ನೆ" ಎಂದು ಹಳೆಯ ಉತ್ತರದಿಂದ ನಕಲು ಮಾಡಿದ ಒಂದು ಸಾಲೇ ಇಡೀ ಲೆಕ್ಕವನ್ನು ಕೆಡಿಸಿತು.

ಹಳೆಯ ಪತ್ರಿಕೆಯಲ್ಲಿ ಆ ಸಾಲು ಸರಿ, ಇಲ್ಲಿ ತಪ್ಪು. ಏಕೆ?

ಜನ್ನಾಪುರದ ವಿದ್ಯಾರ್ಥಿನಿ ನೋಡಿಕೊಂಡಿದ್ದ ಮಾದರಿ ಉತ್ತರ ದ್ವಿತೀಯ ಪಿಯುಸಿಯ ಎಲ್ಲರಿಗೂ ಪರಿಚಿತವಾದದ್ದು: "ಅನಂತ ಉದ್ದದ, ಸಮನಾಗಿ ಚಾರ್ಜ್ ಆದ ನೇರ ತಂತಿಯಿಂದ ಉಂಟಾಗುವ ವಿದ್ಯುತ್ ಕ್ಷೇತ್ರಕ್ಕೆ ಸೂತ್ರ ಪಡೆಯಿರಿ." ಬಾಯಿಪಾಠ ಮಾಡುವವರು "ತಂತಿ, ಸಿಲಿಂಡರ್, 2kλ/r" ಎಂದು ನೆನಪಿಟ್ಟುಕೊಳ್ಳುತ್ತಾರೆ. "ಅನಂತ ಉದ್ದದ" ಎಂಬುದು ಅಲಂಕಾರದ ಮಾತು ಎಂದುಕೊಂಡು ಬಿಟ್ಟುಬಿಡುತ್ತಾರೆ. ಆದರೆ ಆ ಉತ್ತರದ ಪ್ರತಿ ಸಾಲೂ ನಿಂತಿರುವುದು ಆ ಎರಡು ಪದಗಳ ಮೇಲೆಯೇ.

ಭದ್ರಾವತಿ ಮೂಲಕ ಶಿವಮೊಗ್ಗಕ್ಕೆ ಹೋಗುವ ರೈಲು ಹಳಿಯನ್ನು ನೆನೆಸಿಕೊಳ್ಳಿ. ಊರಿನ ಆಚೆ, ನೇರವಾಗಿ ಓಡುವ ಹಳಿಯ ಪಕ್ಕ ನಿಮ್ಮನ್ನು ಕಣ್ಣು ಕಟ್ಟಿ ನಿಲ್ಲಿಸಿ, ಹತ್ತು ಹೆಜ್ಜೆ ಮುಂದೆ ಒಯ್ದು ಕಣ್ಣು ಬಿಚ್ಚಿದರೆ, ಹಳಿಯನ್ನಷ್ಟೇ ನೋಡಿ ಜಾಗ ಬದಲಾಗಿದೆ ಎಂದು ಹೇಳಲಾಗದು. ಕೊನೆಯಿಲ್ಲದ ತಂತಿಯೂ ಹೀಗೆಯೇ. ಉದ್ದಕ್ಕೆ ಎಷ್ಟು ಜರುಗಿಸಿದರೂ ತಂತಿ ಹಾಗೆಯೇ ಕಾಣುತ್ತದೆ, ಆದ್ದರಿಂದ ಕ್ಷೇತ್ರವೂ ಉದ್ದಕ್ಕೆ ಬದಲಾಗುವಂತಿಲ್ಲ. ತಂತಿಯ ಸುತ್ತ ತಿರುಗಿಸಿದರೂ ಹಾಗೆಯೇ ಕಾಣುತ್ತದೆ, ಆದ್ದರಿಂದ ಒಂದೇ ದೂರದಲ್ಲಿ ಸುತ್ತಲೂ ಕ್ಷೇತ್ರದ ಪ್ರಮಾಣ ಒಂದೇ. ಕನ್ನಡಿಯಲ್ಲಿ ಎಡ ಬಲ ಅದಲು ಬದಲು ಮಾಡಿದರೂ ತಂತಿ ಹಾಗೆಯೇ ಇರುತ್ತದೆ, ಆದ್ದರಿಂದ ಕ್ಷೇತ್ರ ಎಡಕ್ಕಾಗಲಿ ಬಲಕ್ಕಾಗಲಿ ವಾಲುವಂತಿಲ್ಲ. ಅದು ನೇರ ಹೊರಕ್ಕೇ ಇರಬೇಕು. ಮುಚ್ಚಳದಿಂದ ಫ್ಲಕ್ಸ್ ಸೊನ್ನೆ ಎಂಬ ಸಾಲು ಬಂದದ್ದು ಈ ಕೊನೆಯ ಮಾತಿನಿಂದ.

ಈಗ ಹಳಿ ಮುಗಿದು ತಡೆಗಂಬ ಇರುವ ಜಾಗಕ್ಕೆ ಬನ್ನಿ. ಅಲ್ಲಿ ಹತ್ತು ಹೆಜ್ಜೆ ಜರುಗಿಸಿದರೆ ತಕ್ಷಣ ಗೊತ್ತಾಗುತ್ತದೆ. 20 ಸೆಂ.ಮೀ. ಕಡ್ಡಿಯ ಕಥೆ ಇದು. ಸುತ್ತ ತಿರುಗಿಸುವ ಸಮ್ಮಿತಿ ಉಳಿದಿದೆ. ನಟ್ಟನಡುವೆ ಕನ್ನಡಿ ಇಟ್ಟರೆ ಅದೂ ಉಳಿದಿದೆ, ಹಾಗಾಗಿ ನಡುವಿನ ಬಿಂದುವಿನಲ್ಲಿ ಕ್ಷೇತ್ರ ನೇರ ಹೊರಕ್ಕಿದೆ. ಆದರೆ ಉದ್ದಕ್ಕೆ ಜರುಗಿಸುವ ಸಮ್ಮಿತಿ ಹೋಗಿದೆ. ನಡುವಿನಿಂದ ಆಚೆ ಈಚೆ ಸರಿದಂತೆ ಕ್ಷೇತ್ರ ವಾಲುತ್ತದೆ, ಕುಗ್ಗುತ್ತದೆ. ದಿಕ್ಕು ತಿಳಿಯಲು ಸಾಕಾಗುವಷ್ಟು ಸಮ್ಮಿತಿ ಇದೆ, ಭಾಗಿಸಲು ಸಾಕಾಗುವಷ್ಟು ಇಲ್ಲ. ಇಂಥ ಕಡೆ ಕೂಲಂಬ್ ನಿಯಮ ಹಿಡಿದು ತುಣುಕುಗಳನ್ನು ಕೂಡಿಸುವುದೇ ದಾರಿ.

ಹಳೆಯ ಉತ್ತರವನ್ನು ಹೇಗೆ ಓದಬೇಕು?

ಹಳೆಯ ಪ್ರಶ್ನೆಪತ್ರಿಕೆ ನೋಡುವುದು ತಪ್ಪಲ್ಲ. ನೋಡುವಾಗ ಕೊನೆಯ ಸೂತ್ರವನ್ನು ಕೈಯಿಂದ ಮುಚ್ಚಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಚಾರ್ಜನ್ನು ಹೇಗೆ ಜರುಗಿಸಿದರೆ, ತಿರುಗಿಸಿದರೆ ಅದು ಇದ್ದಂತೆಯೇ ಕಾಣುತ್ತದೆ? ಅದರಿಂದ ಕ್ಷೇತ್ರ ಯಾವ ದಿಕ್ಕಿಗೆ ಇರಲೇಬೇಕು? ಆರಿಸಿದ ಮೇಲ್ಮೈಯಲ್ಲಿ ಫ್ಲಕ್ಸ್ ಹೊರಬರುವ ಭಾಗದ ಉದ್ದಗಲಕ್ಕೂ ಕ್ಷೇತ್ರದ ಪ್ರಮಾಣ ಒಂದೇ ಆಗಿದೆಯೇ?

ಪಠ್ಯದ ಉಳಿದ ಎರಡು ಉದಾಹರಣೆಗಳ ಮೇಲೆ ಇದನ್ನು ಹಚ್ಚಿ ನೋಡೋಣ. ಚಾರ್ಜ್ ಆದ ಗೋಳಾಕಾರದ ಚಿಪ್ಪನ್ನು ಕೇಂದ್ರದ ಸುತ್ತ ಯಾವ ಕಡೆಗೆ ತಿರುಗಿಸಿದರೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಕ್ಷೇತ್ರ ಕೇಂದ್ರದಿಂದ ನೇರ ಹೊರಕ್ಕಿದೆ, ಗೋಳದ ಮೇಲೆ ಎಲ್ಲೆಡೆ ಒಂದೇ. ಭಾಗಿಸಬಹುದು. ಅನಂತ ಸಮತಲವನ್ನು ಅದರ ಉದ್ದಕ್ಕೂ ಅಗಲಕ್ಕೂ ಜರುಗಿಸಿದರೆ ಹಾಗೆಯೇ ಕಾಣುತ್ತದೆ, ಸಮತಲಕ್ಕೆ ಲಂಬವಾದ ಗೆರೆಯ ಸುತ್ತ ತಿರುಗಿಸಿದರೂ ಹಾಗೆಯೇ. ಆದ್ದರಿಂದ ಕ್ಷೇತ್ರ ಸಮತಲಕ್ಕೆ ಲಂಬ. ಇಲ್ಲಿ ಫ್ಲಕ್ಸ್ ಹೊರಬರುವುದು ಸಿಲಿಂಡರ್‌ನ ಮುಚ್ಚಳಗಳಿಂದ, ಬದಿಯಿಂದ ಸೊನ್ನೆ. ತಂತಿಗೆ ತದ್ವಿರುದ್ಧ. ಎರಡಕ್ಕೂ ಸಿಲಿಂಡರೇ ಬಳಸಿದರೂ ವಾದ ಬೇರೆ. "ಸಿಲಿಂಡರ್" ಎಂದಷ್ಟೇ ನೆನಪಿಟ್ಟವರು ಇಲ್ಲಿ ಯಾವ ಭಾಗವನ್ನು ಸೊನ್ನೆ ಮಾಡಬೇಕು ಎಂದು ಗಲಿಬಿಲಿಗೊಳ್ಳುವುದು ಇದೇ ಕಾರಣಕ್ಕೆ.

ಇನ್ನೊಂದು ಪ್ರಶ್ನೆ ಪಠ್ಯಪುಸ್ತಕದ ಅಭ್ಯಾಸದಲ್ಲೇ ಇದೆ. 10 ಸೆಂ.ಮೀ. ಬದಿಯ ಚೌಕದ ನಡುವಿನ ಮೇಲೆ, 5 ಸೆಂ.ಮೀ. ಎತ್ತರದಲ್ಲಿ 10 ಮೈಕ್ರೋಕೂಲಂಬ್ ಚಾರ್ಜ್ ಇದೆ. ಚೌಕದ ಮೂಲಕ ಹೋಗುವ ಫ್ಲಕ್ಸ್ ಎಷ್ಟು? ಚೌಕವನ್ನು 10 ಸೆಂ.ಮೀ. ಘನದ ಒಂದು ಮುಖ ಎಂದುಕೊಂಡರೆ ಚಾರ್ಜ್ ಸರಿಯಾಗಿ ಘನದ ಕೇಂದ್ರಕ್ಕೆ ಬರುತ್ತದೆ. ಘನವನ್ನು ತಿರುಗಿಸಿ ಒಂದು ಮುಖದ ಜಾಗಕ್ಕೆ ಇನ್ನೊಂದನ್ನು ತರಬಹುದು, ಹಾಗಾಗಿ ಆರು ಮುಖಗಳಿಗೂ ಸಮಪಾಲು. ಒಟ್ಟು ಫ್ಲಕ್ಸಿನ ಆರನೇ ಒಂದು ಭಾಗ, ಸುಮಾರು 1.9 × 10⁵.

ಇಲ್ಲಿ ಎರಡು ಎಚ್ಚರಿಕೆ. ಚಾರ್ಜ್ 5ರ ಬದಲು 4 ಸೆಂ.ಮೀ. ಎತ್ತರದಲ್ಲಿದ್ದರೆ ಅದು ಘನದ ಕೇಂದ್ರದಲ್ಲಿರುವುದಿಲ್ಲ, ಆರರಿಂದ ಭಾಗಿಸುವಂತಿಲ್ಲ. ಎರಡನೆಯದಾಗಿ, ಈ ಫ್ಲಕ್ಸನ್ನು ಚೌಕದ ವಿಸ್ತೀರ್ಣದಿಂದ ಭಾಗಿಸಿ "ಕ್ಷೇತ್ರ ಇಷ್ಟು" ಎನ್ನುವಂತೆಯೂ ಇಲ್ಲ. ಚೌಕದ ನಡುವು ಚಾರ್ಜಿನಿಂದ 5 ಸೆಂ.ಮೀ. ದೂರ, ಮೂಲೆ ಸುಮಾರು 8.7 ಸೆಂ.ಮೀ. ದೂರ. ಕ್ಷೇತ್ರ ಒಂದೇ ಇರಲು ಸಾಧ್ಯವಿಲ್ಲ. ಮುಖಗಳು ಪರಸ್ಪರ ಸಮ, ಆದರೆ ಒಂದು ಮುಖದೊಳಗಿನ ಬಿಂದುಗಳು ಸಮವಲ್ಲ.

ಅನಂತ ತಂತಿ ಎಲ್ಲೂ ಇಲ್ಲವಲ್ಲ?

ನ್ಯಾಯವಾದ ಪ್ರಶ್ನೆ. ಯಾವ ತಂತಿಯೂ ಅನಂತವಲ್ಲ. ಹಾಗಾದರೆ ಸೂತ್ರ ಯಾವಾಗ ಬಳಸಬಹುದು? ನಮ್ಮ ಅದೇ ಕಡ್ಡಿಯ ನಡುವಿನಿಂದ 1 ಸೆಂ.ಮೀ. ದೂರದಲ್ಲಿ ನಿಂತರೆ ತಂತಿಯ ಸೂತ್ರ 36,000 ಕೊಡುತ್ತದೆ, ನಿಜವಾದ ಉತ್ತರ ಸುಮಾರು 35,820. ವ್ಯತ್ಯಾಸ ನೂರಕ್ಕೆ ಅರ್ಧದಷ್ಟು. ಅಷ್ಟು ಹತ್ತಿರ ನಿಂತವರಿಗೆ ತುದಿಗಳು ಹತ್ತು ಪಟ್ಟು ದೂರದಲ್ಲಿವೆ, ಅವು ಇಲ್ಲದಂತೆಯೇ. 1 ಮೀಟರ್ ದೂರ ಹೋದರೆ ಕಡ್ಡಿ ಒಂದು ಚುಕ್ಕಿಯಂತೆ ಕಾಣುತ್ತದೆ. ಅಲ್ಲಿ ಬಿಂದು ಚಾರ್ಜ್ ಸೂತ್ರ 36 ಕೊಡುತ್ತದೆ, ನಿಜವಾದ ಉತ್ತರ 35.8. ಅಲ್ಲಿಯೂ ತಂತಿಯ ಸೂತ್ರವನ್ನೇ ಹಾಕಿದರೆ 360 ಬರುತ್ತದೆ, ಹತ್ತು ಪಟ್ಟು ತಪ್ಪು.

ಫಾರ್ವರ್ಡ್‌ನ ಪ್ರಶ್ನೆಯಲ್ಲಿದ್ದ 10 ಸೆಂ.ಮೀ. ಈ ಎರಡರ ನಡುವೆ ಇರುವ ಜಾಗ. ಅಲ್ಲಿ ಕಡ್ಡಿ ಅನಂತ ತಂತಿಯೂ ಅಲ್ಲ, ಚುಕ್ಕಿಯೂ ಅಲ್ಲ. ಪ್ರಶ್ನೆ ತಯಾರಿಸಿದವರು ಆ ಅಳತೆ ಕೊಟ್ಟಾಗ ಸಿದ್ಧ ಸೂತ್ರ ಎರಡೂ ಕಡೆಯಿಂದ ಕೈಕೊಡುತ್ತದೆ. ಪ್ರಶ್ನೆಯಲ್ಲಿ ಉದ್ದ, ದೂರ ಎರಡನ್ನೂ ಕೊಟ್ಟು, ಅವು ಒಂದಕ್ಕೊಂದು ಹತ್ತಿರ ಇದ್ದರೆ "ಇಲ್ಲಿ ತುಣುಕು ಕೂಡಿಸಬೇಕು" ಎಂಬ ಸೂಚನೆ ಎಂದೇ ತಿಳಿಯಿರಿ. "ಅನಂತ", "ಬಹಳ ಉದ್ದದ", "ತಂತಿಗೆ ತೀರಾ ಸಮೀಪ" ಎಂಬ ಮಾತುಗಳಿದ್ದರೆ ಗೌಸ್ ನಿಯಮದ ಬಾಗಿಲು ತೆರೆದಿದೆ ಎಂದರ್ಥ.

ನಮ್ಮ ತೀರ್ಮಾನ

"ಎರಡು ವಿಧಾನದಲ್ಲೂ 3600 ಬರುತ್ತದೆ, ಆದ್ದರಿಂದ ಕೀ ಉತ್ತರ ತಪ್ಪು" ಎಂಬ ಸಂದೇಶ ತಪ್ಪು ಮಾಹಿತಿ. ಲೆಕ್ಕದ ಹಂತಗಳು ಸರಿಯಿದ್ದರೂ ಎರಡೂ ಸೂತ್ರಗಳು ಈ ಕಡ್ಡಿಗೆ ಹೊಂದುವುದಿಲ್ಲ. ಒಂದು ಇಲ್ಲದ ಚಾರ್ಜನ್ನು ಸೇರಿಸಿತು, ಇನ್ನೊಂದು ಇದ್ದ ಚಾರ್ಜನ್ನು ಹತ್ತಿರ ಎಳೆದುಕೊಂಡಿತು. ಎರಡೂ ಉತ್ತರವನ್ನು ಮೇಲಕ್ಕೆ ತಳ್ಳಿದವು, ಅಳತೆಗಳ ಕಾಕತಾಳೀಯದಿಂದ ಒಂದೇ ಸಂಖ್ಯೆಗೆ ಬಂದು ನಿಂತವು.

ಜನ್ನಾಪುರದ ವಿದ್ಯಾರ್ಥಿನಿಗೆ ನಾವು ಕಳುಹಿಸಿದ ಉತ್ತರ ಚಿಕ್ಕದಾಗಿತ್ತು: ದೂರವನ್ನು 20 ಸೆಂ.ಮೀ. ಮಾಡಿ ಎರಡೂ ವಿಧಾನ ಮತ್ತೊಮ್ಮೆ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ಅವರಿಂದ 1800, 900 ಎಂಬ ಎರಡು ಸಂಖ್ಯೆಗಳು ಬಂದವು. ಹಿಂದೆಯೇ, "ಗುಂಪಿಗೂ ಇದನ್ನೇ ಹಾಕುತ್ತೇನೆ" ಎಂಬ ಸಾಲು. ಆ ಫಾರ್ವರ್ಡ್ ನಿಮಗೂ ಬಂದಿದ್ದರೆ, ಕೆಳಗೆ ಆ ಎರಡು ಸಂಖ್ಯೆಗಳನ್ನು ಬರೆದು ಕಳುಹಿಸಿ.